ಎಣ್ಣೆಗಾಯಿಗೆ ಇಂಗ್ಲಿಷ್ ಬರೆದಿದ್ದು ನಾನೇ

ದಾವಣಗೆರೆಯಲ್ಲಿ ಪಿ.ಬಿ. ರೋಡಿನ ಒಂದು ಲಾಡ್ಜಿನ ಕೆಳಗಿರೋ ಹೋಟೆಲಲ್ಲಿ ನಾನು ಕ್ಯಾಪ್ಟನ್. ಬಿ.ಎ.ದಲ್ಲಿ ಇಂಗ್ಲಿಷ್ ಓದಿದ ತಪ್ಪಿಗೆ ಹೊಸ ಮೆನು ಕಾರ್ಡಿನ ಅನುವಾದ ನನ್ನ ತಲೆಗೇ ಬಂತು. "ಎರಡು ದಿನದಲ್ಲಿ ಪ್ರಿಂಟಿಗೆ ಹೋಗ್ಬೇಕು ನೋಡು" ಅಂದ್ರು ಸಾವ್ಕಾರ್ರು. ಸಂಬಳದ ಮೇಲೆ ಒಂದು ರೂಪಾಯಿ ಹೆಚ್ಚು ಸಿಗಲಿಲ್ಲ, ಅದು ಬೇರೆ ಮಾತು.

ಖಾಲಿ ದೋಸೆಗೆ 'ಎಂಪ್ಟಿ ದೋಸಾ' ಅಂತ ಬರೆದೆ. ಮೊದಲ ವಾರವೇ ಪುಣೆಯ ಒಬ್ಬರು ತಟ್ಟೆ ನೋಡಿ, "ಇದು ಯಾಕೆ ಎಂಪ್ಟಿ, ದೋಸೆ ಇದೆಯಲ್ಲ?" ಅಂದ್ರು. ಖಾಲಿ ಅಂದ್ರೆ ಪಲ್ಯ ಇಲ್ಲ ಅಂತ ಹೇಳೋಕೆ ನಮಗೆ ಆ ಒಂದು ಪದ ಸಾಕು, ಇಂಗ್ಲಿಷಿನಲ್ಲಿ ಸಾಲದು. ಬೆಣ್ಣೆ ದೋಸೆಗೆ 'ಬಟರ್ ದೋಸಾ' ಹಾಕಿದ್ದಕ್ಕೆ ಇನ್ನೊಂದು ರಗಳೆ. ಬೇರೆ ಊರಿನ ಬಟರ್ ದೋಸೆ ಅಂದ್ರೆ ಪೇಪರಿನಂಥ ದೊಡ್ಡ ದೋಸೆ, ಮೇಲೆ ಉಪ್ಪಿನ ಹಳದಿ ಬೆಣ್ಣೆ. ನಮ್ಮದು ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಬಿಳಿ ಬೆಣ್ಣೆ. "ಸೈಜ್ ಸಣ್ಣದು" ಅಂತ ಒಂದು ಪ್ಲೇಟ್ ವಾಪಸ್ ಬಂತು. ಇವೆಲ್ಲ ನಗುವ ವಿಷಯ ಅಂತ ಬಿಟ್ಟೆ.

ನಗು ನಿಂತಿದ್ದು ಏಳನೇ ಟೇಬಲ್ಲಿನ ಹತ್ರ. ಯಾವುದೋ ಫ್ಯಾಕ್ಟರಿಗೆ ಮಿಷನ್ ಕೂರಿಸೋಕೆ ಬಂದಿದ್ದ ವಿದೇಶಿ ಎಂಜಿನಿಯರ್, ಜೊತೆಗೆ ಇಬ್ಬರು ನಮ್ಮೋರು. ಅವನು ಕಾರ್ಡಿನಲ್ಲಿ ಎಣ್ಣೆಗಾಯಿ ಮೇಲೆ ಬೆರಳಿಟ್ಟ. ಅಲ್ಲಿ ನಾನು ಬರೆದಿದ್ದು 'ಸ್ಟಫ್ಡ್ ಬ್ರಿಂಜಾಲ್ ಕರಿ', ಅಷ್ಟೇ. "ಎನಿ ನಟ್ಸ್?" ಅಂತ ಕೇಳಿದ. ನಾನು ಒಂದು ಕ್ಷಣವೂ ಯೋಚಿಸದೆ "ನೋ ನಟ್ಸ್ ಸರ್" ಅಂದುಬಿಟ್ಟೆ. ನಟ್ಸ್ ಅಂದ್ರೆ ನನ್ನ ತಲೇಲಿ ಗೋಡಂಬಿ, ಬಾದಾಮಿ. ಶೇಂಗಾ ಯಾವತ್ತು ನಟ್ಸ್ ಆಯ್ತು? ಅದು ನಮಗೆ ಕಾಳು. ಚಟ್ನಿಪುಡಿ, ಪಲ್ಯ, ಎಲ್ಲದರಲ್ಲೂ ಇರೋ ಮನೆ ಸಾಮಾನು.

ಅಡುಗೆಮನೆಗೆ ಆರ್ಡರ್ ಚೀಟಿ ಹೋಯ್ತು, ರೊಟ್ಟಿ ಎಣ್ಣೆಗಾಯಿ ಬಂತು. ಅವನು ರೊಟ್ಟಿ ಮುರಿದ. ಅದೇ ಹೊತ್ತಿಗೆ ರೊಟ್ಟಿ ಬಡಿಯೋ ಅಕ್ಕ ಬಾಗಿಲಿಂದ ಕೂಗಿದ್ಲು: "ತಮ್ಮಾ, ಶೇಂಗಾ ಪುಡಿ ತಳ ಕಂಡೈತಿ, ನಾಳೆ ಎಣ್ಣೆಗಾಯಿಗೆ ಇಲ್ಲ!" ಪೀನಟ್ ಅನ್ನೋ ಪದದಲ್ಲೇ 'ನಟ್' ಇದೆ ಅಂತ ನನಗೆ ಹೊಳೆದಿದ್ದು ಆಗ. ಟೇಬಲ್ ಹತ್ತು ಹೆಜ್ಜೆ ದೂರ. ಅವನ ಬೆರಳಲ್ಲಿ ರೊಟ್ಟಿ ಚೂರು, ಅದಕ್ಕೆ ಮಸಾಲೆ ಹತ್ತಿತ್ತು, ಕೈ ಬಾಯಿ ಹತ್ರ ಹೋಗಿತ್ತು. ನಾನು "ಸ್ಟಾಪ್ ಸರ್, ಪೀನಟ್!" ಅಂತ ಕೂಗಿದ್ದಕ್ಕೆ ಇಡೀ ಹಾಲ್ ತಿರುಗಿ ನೋಡಿತು. ಅವನು ಕೈ ಕೆಳಗಿಟ್ಟ, ಏನೂ ಅನ್ನಲಿಲ್ಲ, ಎದ್ದು ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದ. ಬಂದು ಬ್ಯಾಗಿನಿಂದ ಅಲರ್ಜಿಗೆ ಚುಚ್ಚಿಕೊಳ್ಳೋ ಪೆನ್ನಿನಂಥ ಇಂಜೆಕ್ಷನ್ ತೆಗೆದು ಟೇಬಲ್ ಮೇಲೆ ಇಟ್ಟುಕೊಂಡು ಕೂತ. ಬೈದಿದ್ರೆ ಚೆನ್ನಾಗಿತ್ತು. ಆ ರಾತ್ರಿ ನಮ್ಮ ಅಡುಗೆಮನೆಯ ಯಾವುದನ್ನೂ ಅವನು ಮುಟ್ಟಲಿಲ್ಲ, ಎರಡು ಬಾಳೆಹಣ್ಣು ತಿಂದು ಎದ್ದ. ಒಂದೇ ಸೌಟು ಎಲ್ಲ ಪಾತ್ರೆಗೂ ಓಡಾಡುವ ಅಡುಗೆಮನೆ ನಮ್ಮದು, ಅವನು ಮಾಡಿದ್ದೇ ಸರಿ.

ಮರುದಿನ ಅಕ್ಕನ ಪಕ್ಕ ನಿಂತು ಎಣ್ಣೆಗಾಯಿ ಮಾಡೋದನ್ನ ಮೊದಲ ಸಲ ಪೂರ್ತಿ ನೋಡಿದೆ. ಎಳೆ ಬದನೆಕಾಯಿ, ತೊಟ್ಟು ಬಿಡದಂತೆ ನಾಲ್ಕು ಸೀಳು. ಹುರಿದ ಶೇಂಗಾ ಪುಡಿ, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಖಾರ ಕಲಸಿ ತುಂಬಿ, ಎಣ್ಣೆ ಮೇಲೆ ಬಿಡೋವರೆಗೆ ಸಣ್ಣ ಉರಿ. ನನ್ನ 'ಸ್ಟಫ್ಡ್ ಬ್ರಿಂಜಾಲ್ ಕರಿ'ಯಲ್ಲಿ ಈ ಮಸಾಲೆಯ ಒಂದು ಹೆಸರೂ ಇರಲಿಲ್ಲ. ರುಚಿಯೂ ಶೇಂಗಾದಲ್ಲೇ, ಅಪಾಯವೂ ಶೇಂಗಾದಲ್ಲೇ. ನಾನು ಬಿಟ್ಟಿದ್ದು ಅದನ್ನೇ.

ಈಗ ಕಾರ್ಡಿನಲ್ಲಿ ಮೊದಲು 'ಎಣ್ಣೆಗಾಯಿ' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಇದೆ, ಯಾಕಂದ್ರೆ ಗಿರಾಕಿ ಸಪ್ಲೈಯರ್‌ಗೆ ಆ ಹೆಸರು ಹೇಳಬೇಕು. ಕೆಳಗೆ ಒಂದೇ ಸಾಲು: ಸಣ್ಣ ಬದನೆಕಾಯಿ, ಒಳಗೆ ಶೇಂಗಾ ಮತ್ತು ಗುರೆಳ್ಳಿನ ಮಸಾಲೆ, ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ್ದು, ಹುಳಿಸಿಹಿ. ಗುರೆಳ್ಳಿಗೆ 'ನೈಜರ್ ಸೀಡ್'. ಪೀನಟ್ ಪದ ದಪ್ಪಕ್ಷರದಲ್ಲಿ. ಖಾಲಿ ದೋಸೆಗೂ ಹಾಗೇ, ಹೆಸರು ಹೆಸರೇ, ಕೆಳಗೆ 'ಪಲ್ಯವಿಲ್ಲದ, ಮೆತ್ತನೆಯ'.

"ಒಂದು ಸಾಲಿಗೆ ಒಂದು ಪುಟ ಜಾಸ್ತಿ ಆಯ್ತಲ್ಲೋ" ಅಂತ ಸಾವ್ಕಾರ್ರ ಗೊಣಗಾಟ. ಅಲರ್ಜಿ ಬರೆಯೋದು 10 ಶಾಖೆ ಇರೋ ದೊಡ್ಡ ಹೋಟೆಲಿಗೆ ಮಾತ್ರ ಕಾನೂನು ಅಂತ ಅವರಿಗೆ ಯಾರೋ ಹೇಳಿದ್ದಾರೆ. ಕಾನೂನು ಅವರ ಪರವೇ ಇರಬಹುದು. ಏಳನೇ ಟೇಬಲ್ಲಿಗೆ ಕೂಗಿದ್ದು ನಾನು.

ಹೊಸ ಕಾರ್ಡ್ ಬಂದು ತಿಂಗಳಾಗಿಲ್ಲ, ಶೇಂಗಾ ರೇಟ್ ಏರಿತು ಅಂತ ಅಕ್ಕ ಅರ್ಧಕ್ಕೆ ಹುರಿಗಡಲೆ ಬೆರೆಸಿದ್ಲು. ನನ್ನ ಸಾಲು ಮತ್ತೆ ಸುಳ್ಳು. ಈಗ ದಿನಾ ಹನ್ನೊಂದಕ್ಕೆ ಅವಳ ಹತ್ರ ಹೋಗಿ "ಅಕ್ಕಾ, ಇವತ್ತು ಏನು ಬೆರೆಸಿದ್ದೀ?" ಅಂತ ಕೇಳ್ತೀನಿ. "ವಿಷ ಹಾಕೀನಿ, ಬರ್ಕೋ" ಅಂತಾಳೆ.