ಮೊದಲು ಹೊರಬರುವುದು ಬಲಗಡೆಯ ಸಂಖ್ಯೆ

ಕೊಪ್ಪಳದ ಕಾಲೇಜೊಂದರಲ್ಲಿ ಡೇಟಾ ಸ್ಟ್ರಕ್ಚರ್ ಪಾಠ ಮಾಡುತ್ತೇನೆ. ಇಂಟರ್ನಲ್ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಮೇಲಿನಿಂದಲೇ ಹಾಕಿ ಮೇಲಿನಿಂದಲೇ ತೆಗೆಯುವ ಸ್ಟ್ಯಾಕ್‌ನ ಪ್ರಶ್ನೆ ಬಂದಾಗಲೆಲ್ಲ ಅರ್ಧ ಪುಟ ತಟ್ಟೆಗಳ ರಾಶಿಯ ವಿವರಣೆಗೇ ಹೋಗಿರುತ್ತದೆ. ಅದಕ್ಕೆ ಅಂಕವಿಲ್ಲ ಎಂದು ಎಷ್ಟು ಸಲ ಹೇಳಿದರೂ ತಟ್ಟೆಗಳು ಬರುತ್ತಲೇ ಇರುತ್ತವೆ. ನಾನು ನೋಡುವುದು ಅದರ ಕೆಳಗೆ ಲೆಕ್ಕದ ಹಂತಗಳನ್ನು ಬರೆದ ಕೋಷ್ಟಕವನ್ನು. ಅದರಲ್ಲೂ ಕಳೆಯುವ ಅಥವಾ ಭಾಗಿಸುವ ಚಿಹ್ನೆ ಬಂದ ಸಾಲನ್ನು.

ಚಿಹ್ನೆಯನ್ನು ಸಂಖ್ಯೆಗಳ ನಂತರ ಬರೆಯುವ ಪೋಸ್ಟ್‌ಫಿಕ್ಸ್ ಲೆಕ್ಕದ ನಿಯಮ ಚಿಕ್ಕದು. ಎಡದಿಂದ ಓದುತ್ತ ಹೋಗಬೇಕು. ಸಂಖ್ಯೆ ಬಂದರೆ ಸ್ಟ್ಯಾಕ್‌ಗೆ ಹಾಕಬೇಕು. ಚಿಹ್ನೆ ಬಂದರೆ ಎರಡು ಸಂಖ್ಯೆಗಳನ್ನು ಹೊರತೆಗೆದು, ಲೆಕ್ಕ ಮಾಡಿ, ಬಂದ ಉತ್ತರವನ್ನು ಮತ್ತೆ ಒಳಗೆ ಹಾಕಬೇಕು. ಎರಡರಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎನ್ನುವಲ್ಲಿಯೇ ಎಡವುವುದು. ಕೊನೆಗೆ ಒಳಹೋದದ್ದು ಮೊದಲು ಹೊರಬರುವುದರಿಂದ, ಮೊದಲು ಕೈಗೆ ಸಿಗುವುದು ಬಲಗಡೆಯ ಸಂಖ್ಯೆ.

```
20 4 6 2 - / -
```

ಆವರಣ ಹಾಕಿ ಬರೆದರೆ ಇದು `20 - 4 / (6 - 2)`. ನಾಲ್ಕೂ ಸಂಖ್ಯೆಗಳು ಒಳಗೆ ಹೋದ ಮೇಲೆ ಸ್ಟ್ಯಾಕ್ ಕೆಳಗಿನಿಂದ 20, 4, 6, 2. ಮೊದಲ `-` ಬಂದಾಗ 2 ಹೊರಬರುತ್ತದೆ, ನಂತರ 6. ಲೆಕ್ಕ 6 - 2, ಉತ್ತರ 4. ಈಗ ಸ್ಟ್ಯಾಕ್ 20, 4, 4. `/` ಬಂದಾಗ 4 / 4, ಅಂದರೆ 1. ಉಳಿದದ್ದು 20, 1. ಕೊನೆಯ `-` ಮುಗಿದಾಗ ಸ್ಟ್ಯಾಕ್‌ನಲ್ಲಿ 19 ಒಂದೇ ಇರುತ್ತದೆ. ಕ್ರಮ ತಿರುವುಮುರುವಾದರೆ 2 - 6 ಎಂದು -4, ಆಮೇಲೆ -4 / 4 ಎಂದು -1, ಕೊನೆಗೆ -1 - 20 ಎಂದು -21 ಬರುತ್ತದೆ. ಪತ್ರಿಕೆಯಲ್ಲಿ -21 ಕಂಡರೆ ಏನು ನಡೆದಿದೆ ಎಂದು ಕೋಷ್ಟಕ ನೋಡದೆಯೇ ಹೇಳಬಹುದು.

ಈ ತಪ್ಪು ಪರೀಕ್ಷೆಯವರೆಗೆ ಉಳಿದುಕೊಳ್ಳಲು ಕಾರಣ ಲ್ಯಾಬ್‌ನಲ್ಲಿದೆ. ಅಲ್ಲಿ ಮಕ್ಕಳು `2 3 + 4 *` ಎಂದು ಕೊಟ್ಟು, 20 ಬಂದಿತೆಂದು ಖುಷಿಪಟ್ಟು, ರೆಕಾರ್ಡ್ ಪುಸ್ತಕಕ್ಕೆ ಸಹಿ ಕೇಳುತ್ತಾರೆ. ಕೂಡುವುದಕ್ಕೂ ಗುಣಿಸುವುದಕ್ಕೂ ಕ್ರಮದ ಹಂಗಿಲ್ಲ, ತಪ್ಪು ಪ್ರೋಗ್ರಾಮ್ ಕೂಡ 20 ಎಂದೇ ಹೇಳುತ್ತದೆ. ಒಬ್ಬ ವಿದ್ಯಾರ್ಥಿನಿ ಒಂದೇ ಸಾಲಿನಲ್ಲಿ ಮುಗಿಸಿದ್ದಳು:

```c
push(pop() - pop());
```

"ಸರ್, ಉತ್ತರ ಸರಿಯಾಗಿಯೇ ಬರುತ್ತಿದೆಯಲ್ಲ" ಎಂದಳು. ಅವಳ ಗಣಕದಲ್ಲಿ ಬರುತ್ತಿದ್ದುದೂ ನಿಜ. ಆದರೆ ಸ್ಟ್ಯಾಕ್‌ನಿಂದ ತೆಗೆಯುವ ಎರಡು `pop()` ಕರೆಗಳಲ್ಲಿ ಯಾವುದು ಮೊದಲು ನಡೆಯಬೇಕೆಂದು ಸಿ ಭಾಷೆ ನಿಗದಿ ಮಾಡಿಲ್ಲ, ಅದು ಕಂಪೈಲರ್‌ನ ಇಚ್ಛೆ. ಜಾವಾದಲ್ಲಿ ಎಡಗಡೆಯದೇ ಮೊದಲು ನಡೆಯುವುದರಿಂದ ಇದೇ ಸಾಲು ಅಲ್ಲಿ ಖಚಿತವಾಗಿ ತಪ್ಪು. ಹಾಗಾಗಿ ನಾನು ಕೇಳುವುದು ಮೂರು ಸಾಲು:

```c
b = pop();
a = pop();
push(a - b);
```

ಎಡವುವ ಇನ್ನೊಂದು ಜಾಗವೆಂದರೆ ಲೆಕ್ಕದ ಕೊನೆ. ಪಠ್ಯದ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಒಂದೊಂದೇ ಅಕ್ಷರ ಓದಿ, `ch - '0'` ಎಂದು ಅಂಕಿಯಾಗಿಸುತ್ತವೆ. ಖಾಲಿ ಜಾಗಗಳನ್ನು ದಾಟಿ ಹೋಗುವ ಅಂಥ ಪ್ರೋಗ್ರಾಮ್‌ಗೆ ಮೇಲಿನ ಲೆಕ್ಕವನ್ನೇ ಕೊಟ್ಟರೆ 20 ಎಂಬುದು 2 ಮತ್ತು 0 ಆಗಿ ಒಡೆಯುತ್ತದೆ. ಕ್ರಮ ಸರಿಯಿದ್ದರೂ ಕೊನೆಗೆ 0 - 1 ನಡೆದು -1 ಮುದ್ರಣವಾಗುತ್ತದೆ, ಅದರಡಿ 2 ಯಾರಿಗೂ ಬೇಡವಾಗಿ ಬಿದ್ದಿರುತ್ತದೆ. ಸ್ಟ್ಯಾಕ್‌ನಲ್ಲಿ ಒಂದೇ ಸಂಖ್ಯೆ ಉಳಿದಿದೆಯೇ ಎಂದು ನೋಡಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. `5 +` ಕೊಟ್ಟರೆ ಇದರ ವಿರುದ್ಧ: ಎರಡನೆಯ ಸಲ ತೆಗೆಯಲು ಹೋದಾಗ ಒಳಗೆ ಏನೂ ಇರುವುದಿಲ್ಲ. ಖಾಲಿಯೇ ಎಂದು ಪರೀಕ್ಷಿಸದ ಪ್ರೋಗ್ರಾಮ್ ಅರೇಯ ಹೊರಗೆ ಕೈಹಾಕುತ್ತದೆ. ಏನಾದರೂ ಬರಬಹುದು.

ಆವರಣಗಳು ಸರಿಯಾಗಿ ಜೋಡಿಯಾಗಿವೆಯೇ ಎಂಬ ಪ್ರಶ್ನೆಯಲ್ಲಿಯೂ ಇವೇ ಎರಡು ಪರೀಕ್ಷೆಗಳು ಬೇಕು. ಅಲ್ಲಿ ತೆರೆಯುವ ಆವರಣವನ್ನು ಸ್ಟ್ಯಾಕ್‌ಗೆ ಹಾಕಿ, ಮುಚ್ಚುವುದು ಬಂದಾಗ ಒಂದನ್ನು ಹೊರತೆಗೆಯಬೇಕು. `a+b)` ಎಂಬಲ್ಲಿ ಮುಚ್ಚುವ ಆವರಣ ಬಂದಾಗ ಸ್ಟ್ಯಾಕ್ ಖಾಲಿ. `((a+b)` ಎಂಬಲ್ಲಿ ಓದಿ ಮುಗಿದರೂ ತೆರೆದ ಆವರಣವೊಂದು ಉಳಿದಿರುತ್ತದೆ. ಮಕ್ಕಳು ಬಹುಮಟ್ಟಿಗೆ ಮೊದಲನೆಯದನ್ನು ಬರೆಯುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಇಲ್ಲಿ ಮೂರನೆಯದೊಂದೂ ಇದೆ: ಹೊರಬಂದ ಆವರಣ ಅದೇ ಜಾತಿಯದೇ ಎಂಬುದು. `([)]` ಎಂಬುದರಲ್ಲಿ ಎಣಿಕೆ ಸರಿಯಾಗಿಯೇ ಇದೆ, ಆದರೆ `)` ಬಂದಾಗ ಮೇಲಿರುವುದು `[`. ಎಣಿಸಿ ನೋಡುವವರು ಇದನ್ನು ಸರಿ ಎಂದುಬಿಡುತ್ತಾರೆ.

ಈಗ ರೆಕಾರ್ಡ್‌ಗೆ ಸಹಿ ಕೇಳಿಕೊಂಡು ಬಂದವರ ಕೀಲಿಮಣೆಯಲ್ಲಿ ನಾನೇ `7 2 -`, `5 +`, `5 6` ಎಂದು ಒಂದಾದ ಮೇಲೊಂದು ಕೊಡುತ್ತೇನೆ. ಮೊದಲನೆಯದಕ್ಕೆ 5 ಬರಬೇಕು, ಉಳಿದೆರಡಕ್ಕೆ ತಪ್ಪೆಂಬ ಸಂದೇಶ ಬರಬೇಕು. ಸಹಿಯ ಸಾಲು ಸ್ವಲ್ಪ ನಿಧಾನವಾಗಿ ಸಾಗುತ್ತದೆ, ಗಂಗಾವತಿ ಬಸ್ಸು ತಪ್ಪುತ್ತದೆ ಎಂಬ ಗೊಣಗಾಟವೂ ಕೇಳುತ್ತದೆ.