ಒಂದು ಮೈಕ್ರೊಮೀಟರ್, ಎರಡು ದಿನಾಂಕ

ನಿನ್ನೆ ರಾತ್ರಿ ಕುಳಿತು ನಮ್ಮ ಕಾರ್ಖಾನೆಯ ಗುಣಮಟ್ಟ ವ್ಯವಸ್ಥೆಯನ್ನು ಪರಿಶೀಲಿಸುವ ಐಎಸ್‌ಒ 9001 ಆಡಿಟ್‌ನ 62 ಸಾಲುಗಳ ಚೆಕ್‌ಲಿಸ್ಟನ್ನು ಅರ್ಧ ಪುಟಕ್ಕೆ ಇಳಿಸಿದೆ. ಉಳಿದದ್ದು ಮೂರೇ ಲೋಪ. ಎರಡು ಬರೀ ಸಹಿಗಳ ಕೆಲಸ. ಮೂರನೆಯದು ಒಂದು ಮೈಕ್ರೊಮೀಟರ್: ಚೀಟಿಯ ಪ್ರಕಾರ ಕ್ಯಾಲಿಬ್ರೇಷನ್ ಅವಧಿ ಮಾರ್ಚ್ 31ಕ್ಕೇ ಮುಗಿದಿತ್ತು, ಮೇ 12ರಂದೂ ಅದರಲ್ಲೇ ಶಾಫ್ಟ್ ಅಳೆಯುತ್ತಿದ್ದರು.

‘ಬೇಕಾದ ಸಾಕ್ಷ್ಯ: ಹೊಸ ಪ್ರಮಾಣಪತ್ರ’ ಎಂದು ಬರೆದು ಮುಂದೆ ಹೋಗಿದ್ದೆ. ಮತ್ತೆ ಓದಿದಾಗ ನಾಚಿಕೆಯಾಯಿತು. ಅದು ತಪ್ಪು ತೋರಿಸುತ್ತಿದ್ದರೆ ಆ ಆರು ವಾರಗಳ ಶಾಫ್ಟ್‌ಗಳ ಗತಿಯೇನು? ಹಾಗಾಗಿ ಉಪಕರಣವನ್ನು ಸರಿಹೊಂದಿಸುವ ಮೊದಲು ಪ್ರಯೋಗಾಲಯ ದಾಖಲಿಸುವ ಅಳತೆಯನ್ನು ಕೇಳಿದೆ. ದೋಷ ಮಿತಿ ಮೀರಿದ್ದರೆ ಆ ಬ್ಯಾಚ್‌ಗಳ ಮರುತಪಾಸಣೆಯ ದಾಖಲೆಯೂ ಬೇಕೆಂದು ಸೇರಿಸಿದೆ. ಕಾರಣದ ಜಾಗದಲ್ಲಿ ‘ಮರೆವು’ ಎಂದಿತ್ತು, ಅಳಿಸಿದೆ. ಕಳೆದ ವರ್ಷ ಕೊಂಡ ಆ ಉಪಕರಣ ನಮ್ಮ ಕ್ಯಾಲಿಬ್ರೇಷನ್ ಪಟ್ಟಿಗೇ ಸೇರಿರಲಿಲ್ಲ. ಇಲ್ಲದ್ದನ್ನು ಮರೆಯುವುದು ಹೇಗೆ?

ಹೀಗಾಗಿ ಲೋಪ ಸರಿಪಡಿಸುವ ದಿನಾಂಕವೂ ಎರಡಾಯಿತು. ಬಳಕೆಯಿಂದ ತೆಗೆದದ್ದು ಮೇ 12. ಖರೀದಿಯಾದ ಪ್ರತಿ ಉಪಕರಣವೂ ಪಟ್ಟಿ ಸೇರಿದ ಮೇಲೆಯೇ ಕೆಲಸಕ್ಕಿಳಿಯುವ ಕ್ರಮ ಜಾರಿಯಾಗಬೇಕಾದದ್ದು ಜೂನ್ 20. ‘ಒಂದೇ ದಿನಾಂಕ ಸಾಲದೇ ಸರ್?’ ಎಂದು ಸ್ಟೋರ್ಸ್‌ನ ಹುಡುಗ ಕೇಳಿದ. ಅವನ ಮೇಜಿನ ಡ್ರಾಯರ್ ತೆರೆಯಲು ಹೇಳಿದೆ. ಚೀಟಿಯೇ ಇಲ್ಲದ ವರ್ನಿಯರ್ ಕ್ಯಾಲಿಪರ್ ಒಂದು ಸಿಕ್ಕಿತು.