ಕಂತು ಕಡಿಮೆ ಅಂತ ಖುಷಿಪಟ್ಟಿದ್ದೆ

ಹೋದ ಮಳೆಗಾಲದಲ್ಲಿ ಗದಗ-ಬೆಟಗೇರಿಯ ನಮ್ಮ ಮನೆ ಮಾಳಿಗೆ ಸೋರಿ, ಅಡುಗೆಮನೆಯಲ್ಲಿ ಪಾತೆಲಿ ಇಟ್ಟು ನೀರು ಹಿಡಿಯುವ ಹಾಗಾಯಿತು. ರಿಪೇರಿಗೆ ಮೂರು ಲಕ್ಷ ಸಾಲ ಕೇಳಿದೆ. ನನ್ನ ಹೆಸರಲ್ಲಿ ಅದೇ ಮೊದಲ ಸಾಲ. ಸಾಲ ಮಂಜೂರಾದ ಸ್ಯಾಂಕ್ಷನ್ ಲೆಟರ್ ಕೈಗೆ ಬಂದಾಗ ನಾನು ನೋಡಿದ್ದು ಒಂದೇ ಸಾಲು: ಇಎಂಐ, ಅಂದರೆ ತಿಂಗಳ ಕಂತು, 6,673 ರೂಪಾಯಿ. ನನ್ನ ಪಗಾರದಲ್ಲಿ ಆರಾಮಾಗಿ ಕಟ್ಟಬಹುದು, ಸಹಿ ಮಾಡಿ ಕೊಟ್ಟುಬಿಡೋಣ ಅಂದುಕೊಂಡೆ.

ಅವತ್ತು ಸಂಜೆ ಕಾಕಾ ಮನೆಗೆ ಬಂದಿದ್ದರು. ಸೊಸೈಟಿಯಲ್ಲಿ ಲೆಕ್ಕ ಬರೆದು ರಿಟೈರ್ ಆದವರು. ಲೆಟರ್ ಓದಿ, "ತಿಂಗಳಾ ಎಷ್ಟ ಅಂತ ನೋಡಿದಿ. ಒಟ್ಟ ಎಷ್ಟ ಕಟ್ತಿ ಅಂತ ಲೆಕ್ಕಾ ಹಾಕೀ ಏನವಾ?" ಅಂದರು.

ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದರು. ಪ್ರಿನ್ಸಿಪಲ್ ಅಂದರೆ ಅಸಲು, ಮೂರು ಲಕ್ಷ. ಬಡ್ಡಿ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1. ಮೊದಲ ತಿಂಗಳ ಬಡ್ಡಿಯೇ 3,000. ನಾನು ಕಟ್ಟುವ 6,673ರಲ್ಲಿ ಅದು ಹೋಗಿ, ಅಸಲಿಗೆ ಸೇರೋದು ಬರೀ 3,673. ಮುಂದಿನ ತಿಂಗಳು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ, 2,963. ಕಂತು ಬದಲಾಗೋದಿಲ್ಲ, ಅದರೊಳಗೆ ಬಡ್ಡಿಯ ಪಾಲು ನಿಧಾನಕ್ಕೆ ಕಡಿಮೆಯಾಗಿ ಅಸಲಿನ ಪಾಲು ಜಾಸ್ತಿಯಾಗುತ್ತಾ ಹೋಗುತ್ತದೆ. ಒಂದು ವರ್ಷ ತಪ್ಪದೆ 80 ಸಾವಿರ ಕಟ್ಟಿದರೂ ಅಸಲು ಇಳಿಯೋದು ಸುಮಾರು 46,600 ಅಷ್ಟೇ! ಅದನ್ನು ಕೇಳಿ ಎದೆ ಧಸಕ್ಕೆಂದಿತು.

ಇದಕ್ಕೆಲ್ಲ ಕಾರಣ ಟೆನ್ಯೂರ್, ಅಂದರೆ ಸಾಲ ತೀರಿಸುವ ಅವಧಿ. ಲೆಟರಿನಲ್ಲಿ 60 ತಿಂಗಳು ಅಂತಿತ್ತು. ಅಷ್ಟು ಉದ್ದ ಎಳೆದಿದ್ದರಿಂದಲೇ ಕಂತು ಸಣ್ಣದಾಗಿ ಕಂಡಿತ್ತು, ಒಟ್ಟು ಬಡ್ಡಿ ಮಾತ್ರ ಒಂದು ಲಕ್ಷ ದಾಟುತ್ತಿತ್ತು. ಅದೇ ಸಾಲ 48 ತಿಂಗಳಿಗಾದರೆ ಕಂತು ಸುಮಾರು 7,900, ಒಟ್ಟು ಬಡ್ಡಿ 79 ಸಾವಿರದ ಆಸುಪಾಸು. ತಿಂಗಳಿಗೆ 1,200 ಚಿಲ್ಲರೆ ಜಾಸ್ತಿ ಕಟ್ಟಿದರೆ 21 ಸಾವಿರ ಉಳಿಯುತ್ತದೆ. 36 ತಿಂಗಳಾದರೆ ಬಡ್ಡಿ ಇನ್ನೂ ಕಡಿಮೆ, ಆದರೆ ಕಂತು ಹತ್ತು ಸಾವಿರದ ಹತ್ತಿರ ಹೋಗುತ್ತದೆ. ಅಮ್ಮನ ಔಷಧ, ತಮ್ಮನ ಫೀ ಇರುವಾಗ ಅದು ನನ್ನ ಕೈಯಲ್ಲಿ ಆಗೋದಲ್ಲ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಾಲ ಸರಿಯಾಗಿ ಕಟ್ಟುತ್ತೇವಾ ಅಂತ ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರೂ ಇಳಿಯುತ್ತದೆ ಅಂತ ಕಾಕಾ ಕೂಡ 48 ಸಾಕು ಅಂದರು.

ಇನ್ನೊಂದು ವಿಷಯವನ್ನೂ ಅವರೇ ತೋರಿಸಿದರು. ಪ್ರೊಸೆಸಿಂಗ್ ಫೀ ಶೇ. 2, ಅದರ ಮೇಲೆ ಜಿಎಸ್‌ಟಿ ಸೇರಿ 7,080 ಮೊದಲೇ ಮುರಿದುಕೊಂಡು, ಖಾತೆಗೆ ಬರೋದು 2,92,920. ಆದರೆ ಬಡ್ಡಿ ಮಾತ್ರ ಪೂರಾ ಮೂರು ಲಕ್ಷಕ್ಕೆ.

ಮರುದಿನ ಸಹಿ ಮಾಡುವ ಮೊದಲೇ ಬ್ಯಾಂಕಿಗೆ ಹೋಗಿ 48 ತಿಂಗಳು ಮಾಡಿಕೊಡಿ ಅಂದೆ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರವನ್ನೂ ಕೇಳಿ ಪಡೆದೆ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ರಿಟೇಲ್ ಸಾಲಗಳಿಗೆ ಇದನ್ನು ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಪ್ರತಿ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅನ್ನುವ ಪಟ್ಟಿ ಅದರಲ್ಲೇ ಇರುತ್ತದೆ. ಮೊದಲ ಸಾಲಿನಲ್ಲಿ ಬಡ್ಡಿ 3,000 ಅಂತಲೇ ಇತ್ತು, ಕಾಕಾ ಕ್ಯಾಲೆಂಡರ್ ಹಾಳೆಯಲ್ಲಿ ಬರೆದ ಹಾಗೆಯೇ.